ನಷ್ಟವನ್ನು ಲಾಭಕ್ಕೆ ವಜಾ ಹಾಕುವ ಲೆಕ್ಕ

ಷೇರು ಮಾರಿ ಬಂದ ಲಾಭಕ್ಕೆ ತೆರಿಗೆ ಕಟ್ಟುವಾಗ, ಅದೇ ಹಣಕಾಸು ವರ್ಷದಲ್ಲಿ ಬೇರೆ ಷೇರು ಮಾರಿ ಅನುಭವಿಸಿದ ನಷ್ಟವನ್ನು ಆ ಲಾಭದಲ್ಲಿ ಕಳೆದು, ಉಳಿದದ್ದಕ್ಕೆ ಮಾತ್ರ ತೆರಿಗೆ ಲೆಕ್ಕ ಹಾಕಲು ಭಾರತದ ಆದಾಯ ತೆರಿಗೆ ಕಾನೂನು ಅವಕಾಶ ಕೊಟ್ಟಿದೆ. ಲೆಕ್ಕ ಪರಿಶೋಧಕರು ಇದನ್ನು ಸೆಟ್ ಆಫ್ ಎನ್ನುತ್ತಾರೆ. ಮಾರ್ಚ್ ಹತ್ತಿರವಾದಂತೆ, ನಷ್ಟದಲ್ಲಿರುವ ಷೇರುಗಳನ್ನು ಬೇಕೆಂದೇ ಮಾರಿ ಆ ವರ್ಷದ ತೆರಿಗೆ ತಗ್ಗಿಸಿಕೊಳ್ಳುವ ಕ್ರಮಕ್ಕೆ ಪೇಟೆಯಲ್ಲಿ ಟ್ಯಾಕ್ಸ್ ಹಾರ್ವೆಸ್ಟಿಂಗ್ ಎಂಬ ಹೆಸರಿದೆ. ಲಾಭದಲ್ಲಿ ನಷ್ಟ ಕಳೆಯುವುದು ಇಷ್ಟೇ ಎನ್ನಿಸುವ ಈ ಕೆಲಸದಲ್ಲಿ ಎರಡು ಪ್ರಶ್ನೆಗಳು ಅಡಗಿವೆ. ಯಾವ ನಷ್ಟ ಯಾವ ಲಾಭಕ್ಕೆ ಸಲ್ಲುತ್ತದೆ ಎಂಬುದು ಮೊದಲನೆಯದು. ಈ ವರ್ಷ ಉಳಿದ ತೆರಿಗೆ ನಿಜಕ್ಕೂ ಉಳಿಯಿತೇ, ಅಥವಾ ಮುಂದಿನ ವರ್ಷಕ್ಕೆ ಜಾರಿತೇ ಎಂಬುದು ಎರಡನೆಯದು.

ಲೆಕ್ಕಕ್ಕೆ ಬರುವುದು ಮಾರಾಟವಾದ ಷೇರಿನ ನಷ್ಟ ಮಾತ್ರ. ಡಿಮ್ಯಾಟ್ ಖಾತೆಯಲ್ಲಿ ಒಂದು ಷೇರು 40 ಶೇಕಡ ಕುಸಿದು ಕೆಂಪು ಬಣ್ಣದಲ್ಲಿ ಕಾಣಿಸುತ್ತಿದ್ದರೂ ಅದನ್ನು ಮಾರದೆ ಇಟ್ಟುಕೊಂಡಿರುವವರೆಗೆ ತೆರಿಗೆ ಇಲಾಖೆಯ ದೃಷ್ಟಿಯಲ್ಲಿ ನಷ್ಟ ಹುಟ್ಟಿರುವುದಿಲ್ಲ. ವಹಿವಾಟು ನಿಂತುಹೋಗಿ ಮಾರಲು ಕೊಳ್ಳುವವರೇ ಇಲ್ಲದ ಕಂಪನಿಯ ಷೇರುಗಳನ್ನು ಹಿಡಿದು ಕೂತವರ ಕಷ್ಟ ಇಲ್ಲಿಯೇ ಇದೆ. ಹಣ ಹೋಗಿದೆ ಎಂಬುದು ಖಚಿತ, ಆದರೆ ವರ್ಗಾವಣೆ ನಡೆಯದ ಕಾರಣ ಆ ನಷ್ಟವನ್ನು ತೋರಿಸಲು ಸುಲಭದ ದಾರಿಯಿಲ್ಲ.

ಮಾರಿದ ಷೇರಿನ ನಷ್ಟಕ್ಕೆ ಅದನ್ನು ಎಷ್ಟು ಕಾಲ ಇಟ್ಟುಕೊಂಡಿದ್ದರು ಎಂಬುದರ ಮೇಲೆ ಜಾತಿ ನಿಗದಿಯಾಗುತ್ತದೆ. ಷೇರು ವಿನಿಮಯ ಕೇಂದ್ರದಲ್ಲಿ ನೋಂದಾಯಿತವಾದ ಷೇರನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟು ಮಾರಿದರೆ ಅದು ದೀರ್ಘಾವಧಿ, ಅದಕ್ಕಿಂತ ಬೇಗ ಮಾರಿದರೆ ಅಲ್ಪಾವಧಿ. 2024ರ ಜುಲೈ 23ರಿಂದ ಅಲ್ಪಾವಧಿ ಲಾಭಕ್ಕೆ 20 ಶೇಕಡ, ದೀರ್ಘಾವಧಿ ಲಾಭಕ್ಕೆ 12.5 ಶೇಕಡ ತೆರಿಗೆ. ಅದಕ್ಕೆ ಮೊದಲು ಇವು 15 ಮತ್ತು 10 ಶೇಕಡ ಇದ್ದವು. ದೀರ್ಘಾವಧಿ ಲಾಭದಲ್ಲಿ ವರ್ಷಕ್ಕೆ ಮೊದಲ 1.25 ಲಕ್ಷ ರೂಪಾಯಿಗೆ ತೆರಿಗೆಯಿಲ್ಲ. ತೆರಿಗೆಯ ಮೇಲೆ 4 ಶೇಕಡ ಸೆಸ್ ಸೇರುತ್ತದೆ.

ವಜಾ ಹಾಕುವ ನಿಯಮ ಈ ಎರಡು ಜಾತಿಗಳನ್ನು ಸಮನಾಗಿ ಕಾಣುವುದಿಲ್ಲ. ಅಲ್ಪಾವಧಿ ನಷ್ಟ ಎರಡೂ ಬಗೆಯ ಲಾಭಕ್ಕೆ ಸಲ್ಲುತ್ತದೆ. ದೀರ್ಘಾವಧಿ ನಷ್ಟ ದೀರ್ಘಾವಧಿ ಲಾಭಕ್ಕೆ ಮಾತ್ರ ಸಲ್ಲುತ್ತದೆ, ಅಲ್ಪಾವಧಿ ಲಾಭವನ್ನು ಅದು ಮುಟ್ಟುವಂತಿಲ್ಲ. ಹೀಗಾಗಿ ಒಂದೇ ಮೊತ್ತದ ಎರಡು ನಷ್ಟಗಳ ಬೆಲೆ ಒಂದೇ ಅಲ್ಲ. ಅಲ್ಪಾವಧಿ ನಷ್ಟದ ಒಂದು ರೂಪಾಯಿ 20 ಪೈಸೆ ತೆರಿಗೆ ಉಳಿಸಬಲ್ಲದು. ದೀರ್ಘಾವಧಿ ನಷ್ಟದ ಒಂದು ರೂಪಾಯಿ ಹೆಚ್ಚೆಂದರೆ ಹನ್ನೆರಡೂವರೆ ಪೈಸೆ ಉಳಿಸುತ್ತದೆ, ಕೆಲವೊಮ್ಮೆ ಏನನ್ನೂ ಉಳಿಸುವುದಿಲ್ಲ. ಹತ್ತು, ಹನ್ನೊಂದು ತಿಂಗಳ ಹಿಂದೆ ಕೊಂಡು ನಷ್ಟದಲ್ಲಿರುವ ಷೇರಿದ್ದರೆ ಈ ವ್ಯತ್ಯಾಸವನ್ನು ನೆನಪಿಡುವುದು ಮುಖ್ಯ. ಇನ್ನು ಕೆಲವೇ ವಾರ ಕಾದರೆ ಅದೇ ನಷ್ಟ ಅಲ್ಪಾವಧಿಯಿಂದ ದೀರ್ಘಾವಧಿಗೆ ದಾಟಿ ತನ್ನ ಶಕ್ತಿಯಲ್ಲಿ ಬಹುಪಾಲನ್ನು ಕಳೆದುಕೊಳ್ಳುತ್ತದೆ. ಲಾಭದ ಷೇರಿಗೆ 12 ತಿಂಗಳು ಕಾಯುವುದು ಜಾಣತನ, ನಷ್ಟದ ಷೇರಿಗೆ ಅದು ಸಾಮಾನ್ಯವಾಗಿ ತಿರುಗುಮುರುಗು.

ದಿನವೂ ವಹಿವಾಟು ನಡೆಸುವವರಿಗೆ ಇನ್ನೊಂದು ತೊಡಕಿದೆ. ಅವರ ವರ್ಷಾಂತ್ಯದ ಲೆಕ್ಕದಲ್ಲಿ ಡೆಲಿವರಿ, ಇಂಟ್ರಾಡೇ, ಫ್ಯೂಚರ್ಸ್ ಮತ್ತು ಆಪ್ಷನ್ಸ್ ಮೂರೂ ಬೆರೆತಿರುತ್ತವೆ. ಬ್ರೋಕರ್ ಆ್ಯಪ್ ಒಂದೇ ಪರದೆಯಲ್ಲಿ ಎಲ್ಲವನ್ನೂ ಕೂಡಿಸಿ ನಿವ್ವಳ ಲಾಭ ತೋರಿಸಬಹುದು, ಆದರೆ ಕಾನೂನು ಹಾಗೆ ಕೂಡಿಸಲು ಬಿಡುವುದಿಲ್ಲ. ಷೇರು ಡಿಮ್ಯಾಟ್‌ಗೆ ಬಂದು ಹೋಗುವ ಡೆಲಿವರಿ ವ್ಯವಹಾರ ಮಾತ್ರ ಬಂಡವಾಳ ಲಾಭ, ನಷ್ಟದ ಲೆಕ್ಕಕ್ಕೆ ಸೇರುತ್ತದೆ. ಅದೇ ದಿನ ಕೊಂಡು ಮಾರುವ ಇಂಟ್ರಾಡೇಯನ್ನು ಕಾನೂನು ಸಟ್ಟಾ ವ್ಯವಹಾರವೆಂದು ಪರಿಗಣಿಸುತ್ತದೆ, ಅದರ ನಷ್ಟ ಅದರ ಲಾಭಕ್ಕೆ ಮಾತ್ರ ಸಲ್ಲುತ್ತದೆ. ವಿನಿಮಯ ಕೇಂದ್ರದಲ್ಲಿ ನಡೆಯುವ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಸಾಮಾನ್ಯ ವ್ಯಾಪಾರದ ಆದಾಯ. ಆ ವ್ಯಾಪಾರದಲ್ಲಿ ನಷ್ಟವಾದರೆ ಅದೇ ವರ್ಷದ ಸಂಬಳವನ್ನು ಬಿಟ್ಟು ಉಳಿದ ಆದಾಯಗಳಿಂದ, ಬಂಡವಾಳ ಲಾಭದಿಂದಲೂ, ಅದನ್ನು ಕಳೆಯಬಹುದು. ಆದರೆ ದಾರಿ ಒಮ್ಮುಖ. ಡೆಲಿವರಿ ಷೇರಿನಲ್ಲಿ ಆದ ಬಂಡವಾಳ ನಷ್ಟವನ್ನು ಆಪ್ಷನ್ಸ್ ಲಾಭಕ್ಕಾಗಲಿ ಸಂಬಳಕ್ಕಾಗಲಿ ಬ್ಯಾಂಕ್ ಬಡ್ಡಿಗಾಗಲಿ ವಜಾ ಹಾಕುವಂತಿಲ್ಲ. ಆಪ್ಷನ್ಸ್‌ನಲ್ಲಿ ಐದು ಲಕ್ಷ ಗಳಿಸಿದವರು ತೆರಿಗೆ ಉಳಿಸಲೆಂದು ಮಾರ್ಚ್ ಕೊನೆಯಲ್ಲಿ ನಷ್ಟದ ಡೆಲಿವರಿ ಷೇರುಗಳನ್ನು ಮಾರಿದರೆ ಆ ವರ್ಷ ಒಂದು ರೂಪಾಯಿಯೂ ಉಳಿಯುವುದಿಲ್ಲ. ಇನ್ನು ಬಿಟ್‌ಕಾಯಿನ್‌ನಂಥ ಕ್ರಿಪ್ಟೋ ಆಸ್ತಿಗಳ ನಷ್ಟವಂತೂ 2022ರ ಏಪ್ರಿಲ್‌ನಿಂದ ಯಾವುದಕ್ಕೂ ಸಲ್ಲುವುದಿಲ್ಲ, ಇನ್ನೊಂದು ಕ್ರಿಪ್ಟೋ ಲಾಭಕ್ಕೂ ಇಲ್ಲ.

ಒಂದು ಕಲ್ಪಿತ ಲೆಕ್ಕವನ್ನು ಪೂರ್ತಿ ಬಿಡಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಹುಬ್ಬಳ್ಳಿಯ ಒಬ್ಬ ಸಂಬಳದಾರ ಡೆಲಿವರಿ ವಹಿವಾಟು ಮಾತ್ರ ಮಾಡುತ್ತಾನೆ ಎಂದುಕೊಳ್ಳೋಣ. 2025-26ರ ಹಣಕಾಸು ವರ್ಷದಲ್ಲಿ ಫೆಬ್ರವರಿಯ ಹೊತ್ತಿಗೆ ಅವನಿಗೆ 3,20,000 ರೂಪಾಯಿ ಅಲ್ಪಾವಧಿ ಲಾಭ ಮತ್ತು 90,000 ರೂಪಾಯಿ ದೀರ್ಘಾವಧಿ ಲಾಭ ಬಂದಿದೆ. ಏನೂ ಮಾಡದೆ ಬಿಟ್ಟರೆ ಅಲ್ಪಾವಧಿ ಲಾಭಕ್ಕೆ 64,000 ರೂಪಾಯಿ ತೆರಿಗೆ, ಸೆಸ್ ಸೇರಿ 66,560. ದೀರ್ಘಾವಧಿ ಲಾಭ 1.25 ಲಕ್ಷದ ಒಳಗೇ ಇರುವುದರಿಂದ ಅದಕ್ಕೆ ತೆರಿಗೆಯಿಲ್ಲ.

ಅವನ ಡಿಮ್ಯಾಟ್‌ನಲ್ಲಿ ನಷ್ಟದ ಎರಡು ಷೇರುಗಳಿವೆ. ಮೊದಲನೆಯ ಕಂಪನಿಯ 500 ಷೇರುಗಳನ್ನು ಏಳು ತಿಂಗಳ ಹಿಂದೆ 800 ರೂಪಾಯಿಯಂತೆ ಕೊಂಡಿದ್ದಾನೆ, ಈಗಿನ ಬೆಲೆ 560. ಮಾರಿದರೆ 1,20,000 ರೂಪಾಯಿ ಅಲ್ಪಾವಧಿ ನಷ್ಟ. ಎರಡನೆಯ ಕಂಪನಿಯ 1,000 ಷೇರುಗಳನ್ನು ಎರಡು ವರ್ಷದ ಹಿಂದೆ 300 ರೂಪಾಯಿಯಂತೆ ಕೊಂಡಿದ್ದು ಈಗ 220ಕ್ಕೆ ಇಳಿದಿದೆ. ಮಾರಿದರೆ 80,000 ರೂಪಾಯಿ ದೀರ್ಘಾವಧಿ ನಷ್ಟ.

ಮೊದಲನೆಯ ಷೇರನ್ನು ಮಾರಿದರೆ ಅಲ್ಪಾವಧಿ ಲಾಭ 3,20,000ದಿಂದ 2,00,000ಕ್ಕೆ ಇಳಿಯುತ್ತದೆ. ತೆರಿಗೆ ಸೆಸ್ ಸೇರಿ 41,600. ಅಂದರೆ ಈ ವರ್ಷ 24,960 ರೂಪಾಯಿ ಕಡಿಮೆ ಕಟ್ಟಿದರೆ ಸಾಕು. ಎರಡನೆಯ ಷೇರನ್ನು ಮಾರಿದರೆ ಆಗುವುದು ಬೇರೆ. ಅದರ 80,000 ನಷ್ಟ ಅಲ್ಪಾವಧಿ ಲಾಭವನ್ನು ಮುಟ್ಟದೆ 90,000ದ ದೀರ್ಘಾವಧಿ ಲಾಭಕ್ಕೆ ಹೋಗಿ ಬೀಳುತ್ತದೆ. ಆ ಲಾಭಕ್ಕೆ ಮೊದಲೇ ತೆರಿಗೆ ಇರಲಿಲ್ಲ, ಆದ್ದರಿಂದ ಉಳಿದದ್ದು ಶೂನ್ಯ, ನಷ್ಟ ಮಾತ್ರ ಖರ್ಚಾಯಿತು. ಬಹಳ ಮಂದಿ ತಪ್ಪುವುದು ಇಲ್ಲಿ. ಮೊದಲು 1.25 ಲಕ್ಷದ ವಿನಾಯಿತಿ ಪಡೆದು, ನಷ್ಟವನ್ನು ಮುಂದಿನ ವರ್ಷಕ್ಕೆ ಜೋಪಾನವಾಗಿ ಒಯ್ಯಬಹುದು ಎಂದು ಅವರು ಭಾವಿಸುತ್ತಾರೆ. ಕಾನೂನಿನ ಕ್ರಮ ಅದಕ್ಕೆ ವಿರುದ್ಧವಾಗಿದೆ. ನಷ್ಟ ಮೊದಲು ಕಳೆಯುತ್ತದೆ, ಉಳಿದ ಲಾಭಕ್ಕೆ ಆಮೇಲೆ ವಿನಾಯಿತಿ. ಆಯ್ಕೆ ತೆರಿಗೆದಾರನ ಕೈಯಲ್ಲಿ ಇರುವುದಿಲ್ಲ. ಆದ್ದರಿಂದ ಈ ವ್ಯಕ್ತಿ ಮೊದಲನೆಯ ಷೇರನ್ನು ಮಾರಿ, ಎರಡನೆಯದನ್ನು ತೆರಿಗೆಯ ಕಾರಣಕ್ಕಾಗಿ ಮುಟ್ಟದೆ ಬಿಡುವುದೇ ಸರಿ. ದೀರ್ಘಾವಧಿ ಲಾಭ 1.25 ಲಕ್ಷ ದಾಟುವ ವರ್ಷದಲ್ಲಿ ಆ ನಷ್ಟಕ್ಕೆ ಬೆಲೆ ಬರುತ್ತದೆ. ಕಂಪನಿಯೇ ಕೆಟ್ಟಿದ್ದರೆ ಮಾರುವ ಮಾತು ಬೇರೆ, ಅದಕ್ಕೆ ತೆರಿಗೆಯ ನೆಪ ಬೇಕಿಲ್ಲ.

ಮೊದಲನೆಯ ಕಂಪನಿಯ ಮೇಲೆ ಅವನಿಗೆ ಇನ್ನೂ ನಂಬಿಕೆಯಿದೆ, ಹಾಗಾಗಿ ಮಾರಿದ ಮರುದಿನ 565 ರೂಪಾಯಿಯಂತೆ ಅಷ್ಟೇ ಷೇರುಗಳನ್ನು ಮತ್ತೆ ಕೊಳ್ಳುತ್ತಾನೆ ಎನ್ನೋಣ. ರಾತ್ರಿ ಕಳೆಯುವಷ್ಟರಲ್ಲಿ ಐದು ರೂಪಾಯಿ ಏರಿದ್ದರಿಂದ 2,500 ರೂಪಾಯಿ ಹೆಚ್ಚು ಹೋಯಿತು. ಮಾರುವಾಗ ಮತ್ತು ಕೊಳ್ಳುವಾಗ 0.1 ಶೇಕಡದಂತೆ ಷೇರು ವಹಿವಾಟು ತೆರಿಗೆ, ಅಂದರೆ ಎಸ್‌ಟಿಟಿ, ಸುಮಾರು 560 ರೂಪಾಯಿ. ಸ್ಟ್ಯಾಂಪ್ ಶುಲ್ಕ ಸುಮಾರು 42 ರೂಪಾಯಿ. ಬ್ರೋಕರೇಜ್ ಇದ್ದರೆ ಅದೂ ಸೇರುತ್ತದೆ. ಬ್ರೋಕರೇಜನ್ನು ಬಂಡವಾಳ ಲಾಭದ ಲೆಕ್ಕದಲ್ಲಿ ಖರ್ಚೆಂದು ತೋರಿಸಬಹುದು, ಎಸ್‌ಟಿಟಿಯನ್ನು ತೋರಿಸುವಂತಿಲ್ಲ. ಇಪ್ಪತ್ತನಾಲ್ಕು ಸಾವಿರದ ಉಳಿತಾಯದ ಮುಂದೆ ಈ ಖರ್ಚು ಸಣ್ಣದು. ಆದರೆ ನಷ್ಟ ಐದಾರು ಸಾವಿರ ಮಾತ್ರ ಇದ್ದು ಷೇರಿನ ಒಟ್ಟು ಮೊತ್ತ ದೊಡ್ಡದಿದ್ದರೆ ಖರ್ಚು ಮತ್ತು ಬೆಲೆಯ ಏರಿಳಿತವೇ ಉಳಿತಾಯವನ್ನು ನುಂಗಬಹುದು.

ದೊಡ್ಡ ವ್ಯತ್ಯಾಸ ಕಾಣುವುದು ಆಮೇಲೆ. ಮರುಖರೀದಿಯಿಂದ ಷೇರಿನ ಮೂಲಬೆಲೆ 800ರಿಂದ 565ಕ್ಕೆ ಇಳಿದಿದೆ, ಏಳು ತಿಂಗಳ ಹಿಡುವಳಿಯ ಅವಧಿ ಅಳಿಸಿ ಮತ್ತೆ ಮೊದಲ ದಿನದಿಂದ ಎಣಿಕೆ ಆರಂಭವಾಗಿದೆ. ಷೇರು ಚೇತರಿಸಿಕೊಂಡು ಹಳೆಯ 800 ರೂಪಾಯಿಗೆ ಬಂದಿತು ಎನ್ನಿ. ಅವನು ಮಾರದೆ ಸುಮ್ಮನಿದ್ದಿದ್ದರೆ 800ಕ್ಕೆ ಕೊಂಡು 800ಕ್ಕೆ ಮಾರಿದಂತಾಗಿ ತೆರಿಗೆಯ ಪ್ರಶ್ನೆಯೇ ಬರುತ್ತಿರಲಿಲ್ಲ. ಈಗ ಷೇರಿಗೆ 235 ರೂಪಾಯಿಯಂತೆ 1,17,500 ರೂಪಾಯಿ ಲಾಭ ತೋರುತ್ತದೆ. ಮರುಖರೀದಿಯಾಗಿ ವರ್ಷ ತುಂಬುವ ಮೊದಲೇ ಮಾರಿದರೆ 20 ಶೇಕಡದಂತೆ ಸೆಸ್ ಸೇರಿ 24,440 ರೂಪಾಯಿ ಕಟ್ಟಬೇಕು. ಹಿಂದಿನ ವರ್ಷ ಉಳಿಸಿದ್ದು 24,960. ಹೆಚ್ಚುಕಮ್ಮಿ ಎಲ್ಲವೂ ವಾಪಸು ಹೋಯಿತು, ಅವನಿಗೆ ದಕ್ಕಿದ್ದು ಆ ಹಣವನ್ನು ಅಷ್ಟು ತಿಂಗಳು ಬಳಸಿಕೊಳ್ಳುವ ಅವಕಾಶ ಮಾತ್ರ. 12 ತಿಂಗಳು ದಾಟಿಸಿ ಮಾರಿದರೆ ಲೆಕ್ಕ ಬದಲಾಗುತ್ತದೆ. ಆ ವರ್ಷದ 1.25 ಲಕ್ಷದ ವಿನಾಯಿತಿ ಬೇರೆ ಲಾಭಗಳಿಗೆ ಮುಗಿದುಹೋಗಿದ್ದರೂ 12.5 ಶೇಕಡದಂತೆ 15,275 ರೂಪಾಯಿ ಸಾಕು, 9,685 ರೂಪಾಯಿ ನಿಜವಾಗಿ ಉಳಿಯುತ್ತದೆ. ವಿನಾಯಿತಿ ಪೂರ್ತಿ ಬಾಕಿ ಇದ್ದರೆ ಲಾಭವೆಲ್ಲ ಅದರೊಳಗೆ ಅಡಗಿ ತೆರಿಗೆಯೇ ಬರುವುದಿಲ್ಲ, 24,960 ಪೂರ್ತಿ ಅವನದೇ.

ಹಾರ್ವೆಸ್ಟಿಂಗ್‌ನ ಫಲವನ್ನು ಮಾರ್ಚ್‌ನಲ್ಲಿ ಅಳೆಯಲಾಗದು ಎನ್ನುವುದು ಇದೇ ಕಾರಣಕ್ಕೆ. ಅಲ್ಪಾವಧಿ ಲಾಭವನ್ನು ದೀರ್ಘಾವಧಿ ಲಾಭವಾಗಿ ಪರಿವರ್ತಿಸುವ ತಾಳ್ಮೆ ಇದ್ದವರಿಗೆ ಇದು ನಿಜವಾದ ಉಳಿತಾಯ. ಎರಡು ಮೂರು ತಿಂಗಳಿಗೊಮ್ಮೆ ಷೇರು ಬದಲಿಸುವ ಸಕ್ರಿಯ ವಹಿವಾಟುದಾರರಿಗೆ ಇದು ಬಹುಮಟ್ಟಿಗೆ ತೆರಿಗೆಯ ಮುಂದೂಡಿಕೆ. ಮುಂದೂಡಿಕೆಯೂ ನಿಷ್ಪ್ರಯೋಜಕವಲ್ಲ, ಆದರೆ ಉಳಿತಾಯವೆಂದು ಎಣಿಸಿ ಖರ್ಚು ಮಾಡುವ ಹಣ ಅದಲ್ಲ.

ಒಟ್ಟು ಆದಾಯವೇ ಕಡಿಮೆ ಇರುವವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಹೊಸ ತೆರಿಗೆ ಪದ್ಧತಿಯಲ್ಲಿ 2025-26ಕ್ಕೆ ಮೂಲ ವಿನಾಯಿತಿ 4 ಲಕ್ಷ ರೂಪಾಯಿ. ಬೇರೆ ಆದಾಯ ಇಲ್ಲದ ಭಾರತ ನಿವಾಸಿಯ ಷೇರು ಲಾಭ ಈ ಮಿತಿಯೊಳಗಿದ್ದರೆ ಅದಕ್ಕೆ ಹೇಗೂ ತೆರಿಗೆಯಿಲ್ಲ, ನಷ್ಟದ ಷೇರು ಮಾರಿ ಸಾಧಿಸುವುದು ಏನೂ ಇಲ್ಲ. ಆದರೆ 12 ಲಕ್ಷದವರೆಗೆ ತೆರಿಗೆ ಇಲ್ಲ ಎಂಬ ಜನಪ್ರಿಯ ಮಾತನ್ನು ಷೇರು ಲಾಭಕ್ಕೆ ಅನ್ವಯಿಸಬಾರದು. ಆ ರಿಯಾಯಿತಿ ವಿಶೇಷ ದರದ ಈ ಲಾಭಗಳಿಗೆ ಸಿಗುವುದಿಲ್ಲ.

ಮಾರಿ ಮತ್ತೆ ಕೊಳ್ಳುವ ವಿಷಯದಲ್ಲಿ ದೇಶದಿಂದ ದೇಶಕ್ಕೆ ಕಾನೂನು ಬೇರೆ. ಅಮೆರಿಕದಲ್ಲಿ ಷೇರು ಮಾರಿದ ಹಿಂದಿನ ಅಥವಾ ಮುಂದಿನ 30 ದಿನಗಳಲ್ಲಿ ಅದೇ ಷೇರನ್ನು ಕೊಂಡರೆ ಆ ನಷ್ಟವನ್ನು ಸದ್ಯಕ್ಕೆ ಒಪ್ಪುವುದಿಲ್ಲ, ಹೊಸ ಷೇರಿನ ಮೂಲಬೆಲೆಗೆ ಸೇರಿಸುತ್ತಾರೆ. ಅಲ್ಲಿ ನೆಲೆಸಿ ಅಲ್ಲಿಯ ತೆರಿಗೆ ಕಟ್ಟುವ ಕನ್ನಡಿಗರು ಭಾರತದ ಪದ್ಧತಿಯನ್ನು ಅನುಸರಿಸಿದರೆ ಸಿಕ್ಕಿಬೀಳುತ್ತಾರೆ. ಭಾರತದಲ್ಲಿ ದಿನಗಳ ಗಡುವು ಹಾಕಿದ ಇಂಥ ನಿಯಮವಿಲ್ಲ. ಹಾಗೆಂದು ಬೆಳಿಗ್ಗೆ ಮಾರಿ ಮಧ್ಯಾಹ್ನ ಅದೇ ಖಾತೆಯಲ್ಲಿ ಕೊಂಡರೆ ಕೆಲಸ ಕೆಡುತ್ತದೆ. ಆ ದಿನದ ಮಾರಾಟ ಮತ್ತು ಖರೀದಿ ಒಂದಕ್ಕೊಂದು ವಜಾ ಆಗಿ ಇಂಟ್ರಾಡೇ ವ್ಯವಹಾರವಾಗುತ್ತದೆ. ಹಳೆಯ ಷೇರು ಡಿಮ್ಯಾಟ್‌ನಿಂದ ಹೊರಗೆ ಹೋಗಿರುವುದೇ ಇಲ್ಲ, ಬಂಡವಾಳ ನಷ್ಟವೂ ಹುಟ್ಟಿರುವುದಿಲ್ಲ. ಮರುದಿನದ ವಹಿವಾಟಿನಲ್ಲಿ ಕೊಂಡರೆ ಹಳೆಯ ಷೇರು ಹೋಗಿ ಹೊಸದು ಬಂದದ್ದು ಖಾತೆಯಲ್ಲಿ ಪ್ರತ್ಯೇಕವಾಗಿ ದಾಖಲಾಗುತ್ತದೆ. ಖಾತೆಯ ಲೆಡ್ಜರ್‌ನಲ್ಲಿ ಷೇರು ಹೊರಹೋದ ದಾಖಲೆ ಇದೆಯೇ ಎಂದು ನೋಡಿದರೆ ಸಂದೇಹ ತೀರುತ್ತದೆ. ಡೆಲಿವರಿಯಾದ ಮಾರಾಟಕ್ಕೆ ಕಾಂಟ್ರ್ಯಾಕ್ಟ್ ನೋಟಿನ ದಿನಾಂಕವೇ ವರ್ಗಾವಣೆಯ ದಿನಾಂಕ. ಆದರೂ ಮಾರ್ಚ್ ಕೊನೆಯ ವಾರದ ರಜೆಗಳನ್ನು ಎಣಿಸಿ ಕೆಲವು ದಿನ ಮೊದಲೇ ಮಾರುವುದು ಕ್ಷೇಮ.

ಕಂತುಕಂತಾಗಿ ಷೇರು ಕೊಂಡವರನ್ನು ಕಾಡುವುದು ಮೊದಲು ಬಂದದ್ದು ಮೊದಲು ಹೋಯಿತು ಎಂಬ ನಿಯಮ. ಒಂದು ಕಂಪನಿಯ 500 ಷೇರುಗಳನ್ನು ಮೂರು ವರ್ಷದ ಹಿಂದೆ 400ಕ್ಕೆ, ಇನ್ನೂ 500 ಷೇರುಗಳನ್ನು ಆರು ತಿಂಗಳ ಹಿಂದೆ 800ಕ್ಕೆ ಕೊಂಡಿದ್ದು ಬೆಲೆ ಈಗ 560 ಆಗಿದ್ದರೆ, ದುಬಾರಿ ಕಂತನ್ನು ಮಾರಿ ನಷ್ಟ ತೋರಿಸುತ್ತೇನೆ ಎನ್ನಲು ಬರುವುದಿಲ್ಲ. 500 ಷೇರು ಮಾರಿದ ಕೂಡಲೇ ಹೋಗುವುದು 400ರ ಕಂತು. ನಿರೀಕ್ಷಿಸಿದ 1,20,000 ರೂಪಾಯಿ ನಷ್ಟದ ಬದಲು 80,000 ರೂಪಾಯಿ ದೀರ್ಘಾವಧಿ ಲಾಭ ಎದುರಾಗುತ್ತದೆ. ಆ್ಯಪ್ ತೋರಿಸುವ ಸರಾಸರಿ ಬೆಲೆಯನ್ನು ನಂಬಿದವರಿಗೆ ಇದು ತಿಳಿಯುವುದು ರಿಟರ್ನ್ಸ್ ಸಲ್ಲಿಸುವ ಹೊತ್ತಿಗೆ. ಬ್ರೋಕರ್ ಕೊಡುವ ಬಂಡವಾಳ ಲಾಭದ ವರದಿಯಲ್ಲಿ ಪ್ರತಿ ಕಂತಿನ ದಿನಾಂಕ ಮತ್ತು ಬೆಲೆ ಇರುತ್ತದೆ, ಮಾರುವ ಮೊದಲು ತೆರೆಯಬೇಕಾದ ಪುಟ ಅದು. ಈ ನಿಯಮ ಡಿಮ್ಯಾಟ್ ಖಾತೆಗೊಂದರಂತೆ ಪ್ರತ್ಯೇಕವಾಗಿ ಅನ್ವಯಿಸುವುದರಿಂದ, ದೀರ್ಘಕಾಲದ ಹೂಡಿಕೆಗೂ ದಿನನಿತ್ಯದ ವಹಿವಾಟಿಗೂ ಬೇರೆ ಬೇರೆ ಡಿಮ್ಯಾಟ್ ಇಟ್ಟುಕೊಂಡವರಿಗೆ ಈ ತೊಂದರೆ ಬಾರದು.

ಬೋನಸ್ ಷೇರುಗಳ ವಿಷಯದಲ್ಲಿ ಕಾನೂನು ನೇರವಾಗಿ ಬಾಗಿಲು ಮುಚ್ಚಿದೆ. ಒಂದಕ್ಕೊಂದು ಬೋನಸ್ ಕೊಟ್ಟಾಗ ಷೇರಿನ ಬೆಲೆ ಅರ್ಧಕ್ಕೆ ಇಳಿಯುತ್ತದೆ, ಮೂಲ ಷೇರನ್ನು ಮಾರಿದರೆ ಭಾರಿ ನಷ್ಟ ತೋರುತ್ತದೆ, ಬೋನಸ್ ಷೇರುಗಳು ಮಾತ್ರ ಕೈಯಲ್ಲೇ ಇರುತ್ತವೆ. ಬೋನಸ್‌ನ ದಾಖಲೆ ದಿನಾಂಕಕ್ಕೆ ಮೊದಲಿನ ಮೂರು ತಿಂಗಳೊಳಗೆ ಕೊಂಡು, ಆಮೇಲಿನ ಒಂಬತ್ತು ತಿಂಗಳೊಳಗೆ ಮೂಲ ಷೇರನ್ನು ಮಾರಿ, ಬೋನಸ್ ಷೇರುಗಳಲ್ಲಿ ಕೆಲವನ್ನಾದರೂ ಇಟ್ಟುಕೊಂಡಿದ್ದರೆ ಆ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಉಳಿದ ಬೋನಸ್ ಷೇರುಗಳ ಮೂಲಬೆಲೆಯಾಗುತ್ತದೆ. ಮೊದಲು ಮ್ಯೂಚುವಲ್ ಫಂಡ್ ಯೂನಿಟ್‌ಗಳಿಗಷ್ಟೇ ಇದ್ದ ಈ ನಿಯಮವನ್ನು 2022ರ ಹಣಕಾಸು ಕಾಯ್ದೆ ಷೇರುಗಳಿಗೂ ವಿಸ್ತರಿಸಿತು.

ಪೇಟೆಯ ನಿಜವಾದ ಬೆಲೆಗೆ, ಯಾರೋ ಅಪರಿಚಿತರಿಗೆ ಮಾರಿದ ನಷ್ಟಕ್ಕೂ ಮೊದಲೇ ಮಾತಾಡಿಕೊಂಡು ಹುಟ್ಟಿಸಿದ ನಷ್ಟಕ್ಕೂ ಇಲಾಖೆ ಕಟ್ಟುನಿಟ್ಟಾಗಿ ವ್ಯತ್ಯಾಸ ಮಾಡುತ್ತದೆ. 2014ರ ಏಪ್ರಿಲ್‌ನಿಂದ 2015ರ ಸೆಪ್ಟೆಂಬರ್‌ವರೆಗೆ ಬಿಎಸ್‌ಇಯ ಷೇರು ಆಪ್ಷನ್ಸ್ ವಿಭಾಗದಲ್ಲಿ, ವಹಿವಾಟೇ ಇಲ್ಲದ ಕರಾರುಗಳಲ್ಲಿ ಅದೇ ಎರಡು ಪಕ್ಷಗಳು ಕೊಂಡದ್ದನ್ನು ಸ್ವಲ್ಪ ಹೊತ್ತಿನಲ್ಲೇ ಬೇರೆ ಬೆಲೆಗೆ ತಿರುಗಿಸಿ ಮಾರಿಕೊಂಡದ್ದನ್ನು ಸೆಬಿ ತನಿಖೆ ಮಾಡಿ ಬಹಳ ಮಂದಿಗೆ ದಂಡ ವಿಧಿಸಿದೆ. ಇಂಥ ವ್ಯವಹಾರದಲ್ಲಿ ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ನಷ್ಟ ಬೇಕಾದಂತೆ ಹುಟ್ಟುತ್ತದೆ. ವರ್ಷಾಂತ್ಯದಲ್ಲಿ ನಷ್ಟ ಬೇಕೇ ಎಂದು ಕೇಳಿಕೊಂಡು ಬರುವ ಮಧ್ಯವರ್ತಿಯಿಂದ ದೂರವಿರುವುದು ಒಳಿತು.

ವರ್ಷದ ಲಾಭಕ್ಕೆ ವಜಾ ಹಾಕಿಯೂ ಉಳಿದ ಬಂಡವಾಳ ನಷ್ಟವನ್ನು ಮುಂದಿನ ಎಂಟು ತೆರಿಗೆ ನಿರ್ಧಾರಣಾ ವರ್ಷಗಳವರೆಗೆ ಒಯ್ಯಬಹುದು. 2025-26ರಲ್ಲಿ ಆದ ನಷ್ಟ 2033-34ರ ಲಾಭದವರೆಗೆ ಉಪಯೋಗಕ್ಕೆ ಬರುತ್ತದೆ. ಫ್ಯೂಚರ್ಸ್ ಮತ್ತು ಆಪ್ಷನ್ಸ್ ನಷ್ಟಕ್ಕೂ ಎಂಟು ವರ್ಷ, ಆದರೆ ಮುಂದಿನ ವರ್ಷಗಳಲ್ಲಿ ಅದು ವ್ಯಾಪಾರದ ಲಾಭಕ್ಕಷ್ಟೇ ಸಲ್ಲುತ್ತದೆ. ಇಂಟ್ರಾಡೇ ನಷ್ಟಕ್ಕೆ ನಾಲ್ಕೇ ವರ್ಷ. 1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದ್ದು, ಕಲಮುಗಳ ಸಂಖ್ಯೆ ಬದಲಾಗಿದೆ.

ಮುಂದೊಯ್ಯುವ ಹಕ್ಕಿಗೆ ಒಂದೇ ಒಂದು ಕಠಿಣ ಷರತ್ತು, ನಷ್ಟವಾದ ವರ್ಷದ ರಿಟರ್ನ್ಸ್ ಗಡುವಿನೊಳಗೆ ಸಲ್ಲಿಕೆಯಾಗಿರಬೇಕು. ವ್ಯಾಪಾರದ ಆದಾಯವಿಲ್ಲದ ಸಂಬಳದಾರರಿಗೆ ಅದು ಸಾಮಾನ್ಯವಾಗಿ ಜುಲೈ 31. ತಡವಾಗಿ ಸಲ್ಲಿಸಿದರೆ ಆ ವರ್ಷದೊಳಗಿನ ವಜಾ ಊರ್ಜಿತವಾಗಿಯೇ ಇರುತ್ತದೆ, ಮಿಕ್ಕ ನಷ್ಟ ಮಾತ್ರ ಶಾಶ್ವತವಾಗಿ ಹೋಗುತ್ತದೆ. ಆದಾಯವೇ ಇಲ್ಲ, ನಷ್ಟವಷ್ಟೇ ಆಗಿದೆ, ರಿಟರ್ನ್ಸ್ ಏಕೆ ಎಂದುಕೊಂಡವರು ಲಕ್ಷಗಟ್ಟಲೆ ನಷ್ಟದ ಹಕ್ಕನ್ನು ಹೀಗೆ ಬಿಟ್ಟುಕೊಡುತ್ತಾರೆ. ಅರ್ಜಿಯ ಆಯ್ಕೆಯೂ ಮುಖ್ಯ. ಸಣ್ಣ ದೀರ್ಘಾವಧಿ ಲಾಭವನ್ನು ಈಗ ITR-1ರಲ್ಲೂ ತೋರಿಸಬಹುದಾದರೂ ನಷ್ಟವನ್ನು ಮುಂದೊಯ್ಯುವವರಿಗೆ ಅದು ಸಲ್ಲದು. ಡೆಲಿವರಿ ಮಾತ್ರ ಇದ್ದವರಿಗೆ ITR-2, ಇಂಟ್ರಾಡೇ ಅಥವಾ ಆಪ್ಷನ್ಸ್ ಬೆರೆತವರಿಗೆ ITR-3. ಸಲ್ಲಿಸುವ ಮೊದಲು ಅರ್ಜಿಯ Schedule CFL ಎಂಬ ಪಟ್ಟಿಯಲ್ಲಿ ಉಳಿದ ನಷ್ಟದ ಮೊತ್ತ ವರ್ಷವಾರು, ಅಲ್ಪಾವಧಿ ಮತ್ತು ದೀರ್ಘಾವಧಿ ಬೇರೆ ಬೇರೆಯಾಗಿ ಮೂಡಿದೆಯೇ ಎಂದು ನೋಡಿಕೊಳ್ಳಬೇಕು. ಆ ಪಟ್ಟಿಯಲ್ಲಿ ಇಲ್ಲದ ನಷ್ಟವನ್ನು ಮುಂದಿನ ವರ್ಷ ಕೇಳಲು ಆಧಾರವಿರುವುದಿಲ್ಲ, ಮತ್ತು ಪಟ್ಟಿಯಲ್ಲಿರುವ ಅತ್ಯಂತ ಹಳೆಯ ವರ್ಷದ ನಷ್ಟದ ಅವಧಿ ಮುಗಿಯುತ್ತ ಬಂದಿದ್ದರೆ, ಆ ವರ್ಷ ನಷ್ಟದ ಷೇರಿಗಿಂತ ಲಾಭದ ಷೇರನ್ನು ಮಾರುವುದೇ ಲೆಕ್ಕಕ್ಕೆ ಸರಿಬರುತ್ತದೆ.